ಸ್ಟಾರ್ ಕೊಡುವ ಮೊದಲು ಕೊಳದ ತಳ ನೋಡಿ

ನೀವು ತಂಗಿದ್ದ ರೆಸಾರ್ಟಿನ ಊಟದಲ್ಲಿ ವೈವಿಧ್ಯವಿತ್ತು, ಮಕ್ಕಳ ಆಟದ ಕೋಣೆಯೂ ಚೆನ್ನಾಗಿತ್ತು, ಈಜುಕೊಳದ ಬಳಿ ಮಾತ್ರ ಜೀವರಕ್ಷಕರಿರಲಿಲ್ಲ. ವಿಮರ್ಶೆಯಲ್ಲಿ ಸರಾಸರಿ ನಾಲ್ಕು ಸ್ಟಾರ್ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ರೆಸಾರ್ಟೊಂದರ ಕೊಳದಲ್ಲಿ ಮೂವರು ಯುವತಿಯರು ಮುಳುಗಿ ಸತ್ತಾಗ ಅಲ್ಲಿಯೂ ಜೀವರಕ್ಷಕರಿರಲಿಲ್ಲ. ಮಕ್ಕಳನ್ನು ಕಾಯುವುದು ಹೆತ್ತವರ ಕೆಲಸವಲ್ಲವೇ ಎನ್ನುವವರಿದ್ದಾರೆ. ಹೌದು, ಆದರೆ ಆಳ ಬರೆಯದ ಕೊಳದಲ್ಲಿ ನೆಲ ಎಲ್ಲಿ ಇಳಿಜಾರಾಗುತ್ತದೆಂದು ಹೆತ್ತವರಿಗೆ ಹೇಗೆ ತಿಳಿದೀತು? ಆದ್ದರಿಂದ ಯಾವ ಹೊತ್ತಿನಲ್ಲಿ ಕಾವಲಿರಲಿಲ್ಲ, ಆಳದ ಗುರುತಿತ್ತೇ, ದಡದಲ್ಲಿ ನಿಂತರೆ ತಳ ಸ್ಪಷ್ಟವಾಗಿ ಕಾಣುತ್ತಿತ್ತೇ ಎಂಬುದನ್ನೇ ಮೊದಲು ಬರೆಯಿರಿ. ತಳ ಕಾಣದ ನೀರಿನಲ್ಲಿ ಮುಳುಗಿದ ಮಗುವೂ ಕಾಣದು.

ಇನ್ನು ಬಿಲ್ಲಿನ ವಿಷಯ. ಕೇಳದೆ ಸೇರಿಸಿದ ಸೇವಾ ಶುಲ್ಕವನ್ನು ಪಾವತಿಗೆ ಮೊದಲೇ ತೆಗೆಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ನಿಮ್ಮ ಪರವಾಗಿದೆ.