ಡಾಲರ್ ಇಳಿದರೂ ಲಾಭ ಉಳಿಸುವ 5 ಸೂತ್ರಗಳು

2013ರ ಆಗಸ್ಟ್ ಕೊನೆಯಲ್ಲಿ ಡಾಲರ್ 68 ರೂಪಾಯಿ ದಾಟಿತ್ತು; ಅಕ್ಟೋಬರ್ ಮಧ್ಯದ ಹೊತ್ತಿಗೆ 62ರ ಆಸುಪಾಸಿಗೆ ಇಳಿದಿತ್ತು. ಆ ಆಗಸ್ಟ್‌ನಲ್ಲಿ ಚನ್ನಪಟ್ಟಣದ ಬೊಂಬೆ ತಯಾರಕರೊಬ್ಬರು 2,000 ಬೊಂಬೆಗಳಿಗೆ ತಲಾ 5 ಡಾಲರ್ ದರ ಹೇಳಿದರು ಎಂದುಕೊಳ್ಳಿ. ಮರ, ಅರಗು, ಕೂಲಿ, ಸಾಗಣೆ ಸೇರಿ ಬೊಂಬೆಯೊಂದಕ್ಕೆ 300 ರೂಪಾಯಿ ಖರ್ಚು. ಡಾಲರ್ 68 ಇದ್ದಾಗ ಒಟ್ಟು ಲಾಭ 80,000 ರೂಪಾಯಿ. ಹಣವೆಲ್ಲ 62ರ ದರದಲ್ಲಿ ಬಂದರೆ 20,000 ಮಾತ್ರ. ಡಾಲರ್ ನೂರಕ್ಕೆ ಒಂಬತ್ತರಷ್ಟು ಇಳಿದಾಗ ಲಾಭದ ಮುಕ್ಕಾಲು ಪಾಲು ಹೋಯಿತು. ಹೀಗಾಗದಂತೆ ದರ ಹೇಳುವುದು ಹೇಗೆ?

1. ಅಸಲು ದರ ಮೊದಲು ತಿಳಿಯಿರಿ. ರೂಪಾಯಿ ಖರ್ಚನ್ನು ಡಾಲರ್ ಬೆಲೆಯಿಂದ ಭಾಗಿಸಿ. ಇಲ್ಲಿ 300 ಭಾಗ 5, ಅಂದರೆ 60. ಡಾಲರ್ ಅದಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಬೇಕು. ಆ ಅಂಕಿಯನ್ನು ಆರ್ಡರ್ ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

2. ಮೊಬೈಲಿನಲ್ಲಿ ಕಂಡ ದರ ನಂಬಬೇಡಿ. ನಿಮ್ಮ ಡಾಲರನ್ನು ಬ್ಯಾಂಕ್ ಕೊಳ್ಳುವ ದರ ಅದಕ್ಕಿಂತ ಕಡಿಮೆ. ಬ್ಯಾಂಕಿಗೆ ಫೋನ್ ಮಾಡಿ ಆ ದಿನದ ಟಿಟಿ ಬೈಯಿಂಗ್ ದರ ಕೇಳಿ, ಅದರಲ್ಲೇ ಲೆಕ್ಕ ಹಾಕಿ. ಬ್ಯಾಂಕ್ ಹಿಡಿದುಕೊಳ್ಳುವ ಮಾರ್ಜಿನ್ ಬಗ್ಗೆ ಚೌಕಾಸಿ ಮಾಡಲೂಬಹುದು.

3. ಕೊಟೇಶನ್ನಿಗೆ ಗಡುವು ಹಾಕಿ. "ಈ ಬೆಲೆ 7 ದಿನ ಮಾತ್ರ" ಎಂದು ದಿನಾಂಕ ಸಹಿತ ಬರೆಯಿರಿ. ಗಡುವಿಲ್ಲದಿದ್ದರೆ, ತಿಂಗಳು ಬಿಟ್ಟು ಬಂದ ಗಿರಾಕಿಗೂ ಹಳೇ ಬೆಲೆಯನ್ನೇ ಕೊಡಬೇಕಾದೀತು.

4. ಮುಂಗಡ ಕೇಳಿ. 10,000 ಡಾಲರ್ ಆರ್ಡರಿಗೆ ಶೇ 30 ಮುಂಗಡ ಪಡೆದರೆ 3,000 ಡಾಲರ್ ಆರ್ಡರ್ ಖಚಿತವಾದ ದಿನಗಳಲ್ಲೇ ಬರುತ್ತದೆ. ಅದನ್ನು ಕೂಡಲೇ ರೂಪಾಯಿ ಮಾಡಿಸಿ. ಮರಕ್ಕೂ ಕೂಲಿಗೂ ಬೇಕಾಗುವುದು ರೂಪಾಯಿಯೇ.

5. ಉಳಿದದ್ದಕ್ಕೆ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿಸಿ. ಮುಂದೆ ಬರುವ ಡಾಲರಿಗೆ ಬ್ಯಾಂಕ್ ಇಂದೇ ದರ ನಿಗದಿ ಮಾಡುತ್ತದೆ. ನಮ್ಮಲ್ಲಿ ಬಡ್ಡಿ ಅಮೆರಿಕಕ್ಕಿಂತ ಹೆಚ್ಚಿರುವಾಗ ಈ ದರ ಸಾಮಾನ್ಯವಾಗಿ ಇಂದಿನದಕ್ಕಿಂತ ತುಸು ಮೇಲೇ ಇರುತ್ತದೆ. ಅವಧಿ ಎಣಿಸುವಾಗ ತಯಾರಿಕೆ, ಹಡಗು, ಗಿರಾಕಿಯ ಸಾಲದ ದಿನ ಮೂರನ್ನೂ ಸೇರಿಸಿ. ಹೊಸ ಗಿರಾಕಿಯಾದರೆ 7,000 ಡಾಲರ್ ಪೂರ್ತಿ ಕಟ್ಟಿಹಾಕಬೇಡಿ, 5,000 ಸಾಕು. ಹಣ ಬಾರದಿದ್ದರೂ ಬ್ಯಾಂಕಿಗೆ ಕೊಟ್ಟ ಮಾತು ತಪ್ಪದು. ಡಾಲರ್ ಏರಿದ್ದರೆ ವ್ಯತ್ಯಾಸ ನೀವೇ ತುಂಬಬೇಕು. ಡಾಲರ್ ಏರಿದಾಗಿನ ಹೆಚ್ಚುವರಿ ಲಾಭವೂ ಕಟ್ಟಿಹಾಕಿದ ಪಾಲಿಗೆ ಸಿಗದು.

ಈಗ ಅದೇ ಆರ್ಡರ್ ನೋಡಿ. ಮುಂಗಡದ 3,000 ಮತ್ತು ಫಾರ್ವರ್ಡಿನ 5,000 ಡಾಲರಿಗೆ 68ರ ದರ, ಉಳಿದ 2,000ಕ್ಕೆ 62. ಕೈಸೇರುವುದು 6,68,000 ರೂಪಾಯಿ. 6 ಲಕ್ಷ ಖರ್ಚು ಕಳೆದರೆ ಲಾಭ 68,000. ಡಾಲರ್ ಅಷ್ಟೇ ಇಳಿದಿದೆ, ಲಾಭ ಮಾತ್ರ ಬಹುಪಾಲು ಉಳಿದಿದೆ.