ಒಂದು ಶಾಫ್ಟ್, ಎರಡು ಅರ್ಥ

ಕೆಜಿಎಫ್‌ನ ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳು 2001ರಲ್ಲಿ ಮುಚ್ಚಿದರೂ 'ಶಾಫ್ಟ್' ಎಂಬ ಮಾತು ಊರಲ್ಲಿ ಉಳಿದಿದೆ. ಜನ ಇಳಿಯುತ್ತಿದ್ದ ಆಳದ ಬಾವಿಯೂ ಶಾಫ್ಟ್, ಯಂತ್ರದೊಳಗೆ ತಿರುಗುವ ದಂಡವೂ ಶಾಫ್ಟ್. ಇಟಾಲಿಯನ್ನರು ಮಾತ್ರ ಮೊದಲನೆಯದಕ್ಕೆ 'ಪೊತ್ಸೊ', ಎರಡನೆಯದಕ್ಕೆ 'ಆಲ್ಬೆರೊ' ಎನ್ನುತ್ತಾರೆ. ಗಣಿ ಯಂತ್ರದ ಸಾವಿರ ಪುಟದ ಇಟಾಲಿಯನ್ ಕೈಪಿಡಿಯನ್ನು ಕ್ಯಾಟ್ ಟೂಲ್‌ನಲ್ಲಿ ಕನ್ನಡಕ್ಕೆ ತರುವವರು ಮೊದಲ ವಾಕ್ಯಕ್ಕೆ ಕೈಹಾಕುವ ಮುನ್ನವೇ ಪದಪಟ್ಟಿಯಲ್ಲಿ ಇವೆರಡನ್ನೂ ಬೇರೆ ಮಾಡಿಡಬೇಕು: ಪೊತ್ಸೊ ಎಂದರೆ 'ಗಣಿ ಶಾಫ್ಟ್', ಆಲ್ಬೆರೊ ಎಂದರೆ 'ತಿರುಗು ಶಾಫ್ಟ್'. ಪಕ್ಕದಲ್ಲಿ ಒಂದು ಸಾಲಿನ ವಿವರಣೆ, ಒಂದು ಉದಾಹರಣೆ ವಾಕ್ಯ ಇರಲಿ.

ಅನುವಾದ ಸ್ಮೃತಿ ಇದ್ದಮೇಲೆ ಪದಪಟ್ಟಿ ಏಕೆ ಎಂದು ಕೇಳಬಹುದು. ಸ್ಮೃತಿ ನೆನಪಿಡುವುದು ವಾಕ್ಯಗಳನ್ನು, ತಪ್ಪುಗಳ ಸಮೇತ. 'ಆಲ್ಬೆರೊವನ್ನು ಪರೀಕ್ಷಿಸಿ' ಎಂಬುದು ಒಮ್ಮೆ 'ಶಾಫ್ಟ್ ಪರೀಕ್ಷಿಸಿ' ಎಂದು ಸೇರಿತೆನ್ನಿ. ಮುಂದೆ 'ಪೊತ್ಸೊವನ್ನು ಪರೀಕ್ಷಿಸಿ' ಬಂದಾಗ ಟೂಲ್ ಅದನ್ನೇ ಭಾಗಶಃ ಹೊಂದಿಕೆಯಾಗಿ ಮುಂದಿಡುತ್ತದೆ. ಕನ್ನಡ ಸಾಲು ಸರಿಯಾಗಿಯೇ ಕಾಣುವುದರಿಂದ ಕಣ್ಣು ಜಾರುತ್ತದೆ. ಬಾವಿಯ ಗೋಡೆ ನೋಡಬೇಕಾದವನು ಬೇರಿಂಗ್ ನೋಡಿಯಾನು. ಪದಪಟ್ಟಿ ಇದ್ದರೆ ಪರಿಶೀಲನೆಯ ಹೊತ್ತಿಗೆ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಗಳಲ್ಲಿ ಹುಸಿಯೂ ಉಂಟು ಎಂಬ ಆಕ್ಷೇಪ ನಿಜ: ಬಹುವಚನದಲ್ಲಿ ಆಲ್ಬೆರೊ 'ಆಲ್ಬೆರಿ' ಆಗುತ್ತದೆ, ಕನ್ನಡ ಪದಕ್ಕೆ ವಿಭಕ್ತಿ ಅಂಟುತ್ತದೆ. ಮದ್ದು ಸರಳ: ಇಟಾಲಿಯನ್ ರೂಪಗಳೆರಡನ್ನೂ ನಮೂದಿಸಿ, ಕನ್ನಡದಲ್ಲಿ ಪದದ ಮೊದಲ ಭಾಗವನ್ನಷ್ಟೇ ಹೊಂದಿಸಿ ನೋಡುವಂತೆ ಟೂಲ್‌ಗೆ ಹೇಳಿ. ಪದ ಬದಲಿಸಿದ ದಿನ ಸ್ಮೃತಿಯಲ್ಲಿ ಹಳೆಯದನ್ನು ಹುಡುಕಿ ತಿದ್ದಿ. ಇಲ್ಲವಾದರೆ ಪಟ್ಟಿ ಒಂದು ಹೇಳುತ್ತದೆ, ಸ್ಮೃತಿ ಇನ್ನೊಂದು.