ಪ್ಯಾಡ್ ಮೇಲಿಟ್ಟ ಫೋನ್ ಚಾರ್ಜ್ ಆಗದಿದ್ದಾಗ

ಕೇಬಲ್‌ನಿಂದ ಸರಿಯಾಗಿ ಚಾರ್ಜ್ ಆಗುವ ಫೋನ್ ವೈರ್‌ಲೆಸ್ ಪ್ಯಾಡ್ ಮೇಲೆ ಮಾತ್ರ ಕೆಲವೇ ಕ್ಷಣಗಳಲ್ಲಿ ನಿಂತುಹೋಗುತ್ತದೆಂದೂ, ಕಾರಿನ ಮ್ಯಾಗ್ನೆಟ್ ಹೋಲ್ಡರ್‌ಗಾಗಿ ಕವರಿನೊಳಗೆ ಉಕ್ಕಿನ ತಗಡನ್ನು ಇಡಲಾಗಿದೆಯೆಂದೂ ಓದುಗರು ತಿಳಿಸಿರುವುದರಿಂದ, ಮೊದಲ ಅನುಮಾನ ಆ ತಗಡಿನ ಮೇಲೆಯೇ ಬೀಳುತ್ತದೆ. ಪ್ಯಾಡಿನ ಕಾಯಿಲ್, ಅಂದರೆ ಸುರುಳಿಯಾಗಿ ಸುತ್ತಿದ ತಾಮ್ರದ ತಂತಿ, ಸದಾ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಫೋನಿನ ಕಾಯಿಲ್‌ನಲ್ಲಿ ಅದರಿಂದ ವಿದ್ಯುತ್ ಹುಟ್ಟುತ್ತದೆ. ನಡುವೆ ಲೋಹವಿದ್ದರೆ ಆ ಶಕ್ತಿ ಲೋಹದೊಳಗೇ ಸುತ್ತುವ ಸುಳಿಪ್ರವಾಹವಾಗಿ ವ್ಯಯವಾಗಿ ತಗಡು ಬಿಸಿಯಾಗುತ್ತದೆ, ಮತ್ತು ಈ ನಷ್ಟವನ್ನು ಗುರುತಿಸಿದ ಪ್ಯಾಡ್ ಸುರಕ್ಷತೆಗಾಗಿ ಶಕ್ತಿಯನ್ನು ಕಡಿದುಹಾಕುತ್ತದೆ.

ಆದ್ದರಿಂದ ತಗಡು, ಕವರು ಎರಡನ್ನೂ ತೆಗೆದು, ಬರಿಯ ಫೋನನ್ನು ಪ್ಯಾಡಿನ ಮಧ್ಯದಲ್ಲಿಡಬೇಕು. ಆಗಲೂ ಚಾರ್ಜ್ ಆಗದಿದ್ದರೆ, ಎರಡು ಕಾಯಿಲ್‌ಗಳ ಕೇಂದ್ರಗಳು ಒಂದರ ಮೇಲೊಂದು ಬರುವಂತೆ ಅರ್ಧರ್ಧ ಸೆಂಟಿಮೀಟರ್ ಸರಿಸಿ, ಪ್ರತಿ ಸಲವೂ ಕೆಲವು ಸೆಕೆಂಡು ಕಾಯಬೇಕು. ಬರಿಯ ಫೋನ್ ಚಾರ್ಜ್ ಆಗಿ, ತಗಡಿಲ್ಲದ ಕವರು ಹಾಕಿದೊಡನೆ ನಿಂತರೆ, ಕವರಿನ ದಪ್ಪವು ಕಾಯಿಲ್‌ಗಳನ್ನು ಅತಿಯಾಗಿ ದೂರವಿರಿಸಿದೆ ಎಂದರ್ಥ.

ಚಾರ್ಜಿಂಗ್ ಆರಂಭವಾಗಿಯೂ ತೀರಾ ನಿಧಾನವಾಗಿದ್ದರೆ ಅಡಾಪ್ಟರಿನ ಮೇಲಿನ ಬರಹವನ್ನು ಓದಬೇಕು: 5 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ನೀಡುವುದು 5 ವ್ಯಾಟ್ ಮಾತ್ರ, ಅದರಲ್ಲಿಯೂ ಒಂದು ಪಾಲು ಶಾಖವಾಗಿ ಹೋಗುವುದರಿಂದ, 15 ವ್ಯಾಟ್‌ನ ಪ್ಯಾಡ್‌ಗೆ ಅದರ ತಯಾರಕರು ಸೂಚಿಸಿದ ಹೆಚ್ಚಿನ ಸಾಮರ್ಥ್ಯದ ಅಡಾಪ್ಟರನ್ನೇ ಜೋಡಿಸಬೇಕು.